ಗ್ರೈಂಡರ್ ಮುಟ್ಟಿದರೆ ಜುಂ ಎನ್ನುತ್ತದೆಯೇ?



ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಒಂದು ಮಾತಿದೆ. "ಧಣಿ, ಗ್ರೈಂಡರ್ ಮುಟ್ಟಿದರೆ ಜುಂ ಅಂತದೆ." ಗಲ್ಲಾದಲ್ಲಿ ಕುಳಿತ ನಾವು "ಚಪ್ಪಲಿ ಹಾಕಿಕೊಂಡು ಕೆಲಸ ಮಾಡು ಮಾರಾಯ" ಎಂದು ಹೇಳಿ ಮುಂದಿನ ಬಿಲ್ಲಿಗೆ ಕೈ ಹಾಕುತ್ತೇವೆ. ನಾನೂ ಹಾಗೆಯೇ ಹೇಳಿದವನು. ಮುಂಬಯಿಯ ಉಪನಗರದಲ್ಲಿ ನಾವು ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಹೋಟೆಲಿನಲ್ಲಿ ಒಂದು ಮಳೆಗಾಲದ ಬೆಳಿಗ್ಗೆ ಗ್ರೈಂಡರ್ ನೋಡಿಕೊಳ್ಳುವ ಹುಡುಗ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಡ್ರಮ್ಮನ್ನು ಹಿಡಿದ. ಹಿಡಿದ ಕೈ ಬಿಡಲಾಗಲಿಲ್ಲ. ಪಕ್ಕದಲ್ಲಿ ಚಟ್ನಿಗೆ ತೆಂಗಿನಕಾಯಿ ತುರಿಯುತ್ತಿದ್ದವನು ಅವನನ್ನು ಎಳೆಯಲು ಹೋಗದೆ ಗೋಡೆಯ ಸ್ವಿಚ್ ಆರಿಸಿದ. ಅದರಿಂದ ಇಬ್ಬರೂ ಉಳಿದರು. ಆ ಸ್ವಿಚ್ ಗ್ರೈಂಡರಿನ ಹಿಂದುಗಡೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಏಕೆಂದರೆ ಪ್ಲಗ್ ಇದ್ದದ್ದು ಹಿಂದುಗಡೆಯೇ.

ಆ ದಿನ ಗ್ರೈಂಡರ್ ಬಂದ್ ಮಾಡಿ, ಹಿಟ್ಟನ್ನು ಪಕ್ಕದ ಹೋಟೆಲಿನವರಿಂದ ತರಿಸಿ, ಲೈಸೆನ್ಸ್ ಇರುವ ಒಬ್ಬ ಹಿರಿಯ ಕಂಟ್ರಾಕ್ಟರರನ್ನು ಕರೆಸಿದೆವು. ಅವರು ಅರ್ಧ ದಿನ ನಮ್ಮಲ್ಲಿ ಕುಳಿತು ಹುಡುಕಿದ್ದನ್ನು ನೋಡಿದ ಮೇಲೆ, ಇಷ್ಟು ವರ್ಷ ಹೋಟೆಲು ನಡೆಸಿದರೂ ಈ ವಿಷಯದಲ್ಲಿ ನನಗೆ ಏನೂ ಗೊತ್ತಿರಲಿಲ್ಲ ಎಂದು ಮನವರಿಕೆಯಾಯಿತು. ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ಮಾಡಿದ್ದು ಗ್ರೈಂಡರಿನ ಪ್ಲಗ್ ಕಿತ್ತು ಬಿಚ್ಚಿ ನೋಡಿದ್ದು. ಮೂರು ಪಿನ್ನಿನ 16 ಆಂಪಿಯರ್ ಪ್ಲಗ್, ಒಳಗೆ ಎರಡೇ ವಯರು. ಯಾವಾಗಲೋ ಪ್ಲಗ್ ಸುಟ್ಟುಹೋದಾಗ ಹೊಸದನ್ನು ಹಾಕಿದವನು ಮೇಲಿನ ದಪ್ಪ ಪಿನ್ನಿಗೆ ಬರಬೇಕಾದ ಹಸಿರು ವಯರನ್ನು ಕತ್ತರಿಸಿ ಬಿಟ್ಟಿದ್ದ. ಎರಡು ವಯರಿನಲ್ಲೇ ಮೋಟಾರು ಚೆನ್ನಾಗಿ ತಿರುಗುತ್ತದೆ, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ.

ನಂತರ ಮೆಗ್ಗರ್ ಎಂಬ ಯಂತ್ರ ಹಚ್ಚಿದರು. ಮೋಟಾರಿನ ಸುರುಳಿಗೂ ಅದರ ಕಬ್ಬಿಣದ ಮೈಗೂ ನಡುವೆ ಇರುವ ಇನ್ಸುಲೇಶನ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಇದು 500 ವೋಲ್ಟಿನಲ್ಲಿ ಅಳೆಯುತ್ತದೆ. ಸರಿಯಾದ ಮೋಟಾರಿನಲ್ಲಿ ಕನಿಷ್ಠ ಒಂದು ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್ ಬರಬೇಕು. ನಮ್ಮದರಲ್ಲಿ ಬಂದದ್ದು ಸುಮಾರು 20 ಸಾವಿರ ಓಮ್. ಪ್ರತಿದಿನ ರಾತ್ರಿ ಗ್ರೈಂಡರ್ ತೊಳೆಯುವಾಗ ಹುಡುಗರು ಪೈಪು ಹಿಡಿದು ಕೆಳಗಿನವರೆಗೆ ನೀರು ಬಿಡುತ್ತಿದ್ದರು. ಉದ್ದಿನ ಹಿಟ್ಟು ಬೆರೆತ ನೀರು ಮೋಟಾರಿನೊಳಗೆ ಇಳಿದು ಅಲ್ಲೇ ಒಣಗಿ ಮತ್ತೆ ಒದ್ದೆಯಾಗುತ್ತಿತ್ತು. ಬೆಳಿಗ್ಗೆ ಜುಂ ಎನ್ನುವುದು ಜಾಸ್ತಿ, ಮಧ್ಯಾಹ್ನಕ್ಕೆ ಮೋಟಾರು ಬಿಸಿಯಾಗಿ ತೇವ ಆರಿದ ಮೇಲೆ ಕಡಿಮೆ. ಹೀಗಾಗಿ ಹುಡುಗರು "ಈಗ ಸರಿಯಾಯಿತು" ಎಂದುಕೊಂಡು ದಿನ ದೂಡಿದ್ದರು.

ಈಗ ಒಂದು ಸಣ್ಣ ಲೆಕ್ಕ. ನಮ್ಮ ಕರೆಂಟು 230 ವೋಲ್ಟ್. ಅದನ್ನು 20 ಸಾವಿರ ಓಮಿನಿಂದ ಭಾಗಿಸಿದರೆ ಸುಮಾರು 11 ಮಿಲಿ ಆಂಪಿಯರ್. ಒಂದು ಆಂಪಿಯರಿನ ಸಾವಿರದ ಒಂದು ಭಾಗವೇ ಮಿಲಿ ಆಂಪಿಯರ್. ಒಂದೆರಡು ಮಿಲಿ ಆಂಪಿಯರ್ ಮೈಯಲ್ಲಿ ಹರಿದರೆ ಜುಂ ಎನ್ನುತ್ತದೆ. 10ರ ಆಸುಪಾಸಿಗೆ ಬಂದರೆ ಕೈಯ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ದಾಟಿ ಕೆಲವು ಸೆಕೆಂಡು ಹರಿದರೆ ಉಸಿರಾಟಕ್ಕೂ ಹೃದಯಕ್ಕೂ ಅಪಾಯ. ಹುಡುಗನ ಕೈ ಅಂಟಿಕೊಂಡದ್ದು ಏಕೆ ಎಂಬುದು ಇದರಿಂದ ಗೊತ್ತಾಗುತ್ತದೆ. ರಬ್ಬರ್ ಚಪ್ಪಲಿ ಹಾಕಿದ ದಿನ ಅದೇ ಗ್ರೈಂಡರ್ ಬರೀ ಜುಂ ಎಂದಿತ್ತು, ಏಕೆಂದರೆ ಚಪ್ಪಲಿ ದಾರಿ ತಡೆದಿತ್ತು. ಬರಿಗಾಲು, ಒದ್ದೆ ನೆಲ, ಒದ್ದೆ ಕೈ ಮೂರೂ ಸೇರಿದಾಗ ದಾರಿ ತೆರೆಯಿತು.

ಇನ್ನು ಆ ಇನ್ಸುಲೇಶನ್ ಪೂರ್ತಿ ಹೋಗಿ, ಸುರುಳಿಯೇ ಮೋಟಾರಿನ ಮೈಗೆ ತಾಗಿದ್ದರೆ? ಆಗ ತಡೆ ಎನ್ನುವುದು ಮನುಷ್ಯನ ದೇಹ ಮಾತ್ರ. ಒಣಗಿದ ಚರ್ಮಕ್ಕೆ ಒಳ್ಳೆಯ ತಡೆ ಇದೆ, ಆದರೆ ನೀರಿನಲ್ಲಿ ನೆನೆದ ದೇಹಕ್ಕೆ ಸುಮಾರು ಒಂದು ಸಾವಿರ ಓಮ್ ಎಂದು ಲೆಕ್ಕ ಹಾಕುತ್ತಾರೆ. 230ನ್ನು 1000ದಿಂದ ಭಾಗಿಸಿದರೆ 230 ಮಿಲಿ ಆಂಪಿಯರ್. ಅಷ್ಟು ಹರಿದರೆ ಮನುಷ್ಯ ಉಳಿಯುವುದು ಕಷ್ಟ.

"ನಮ್ಮಲ್ಲಿ ಎಂಸಿಬಿ ಇದೆ, ಟ್ರಿಪ್ ಆಗುತ್ತದಲ್ಲ?" ಎಂದು ನಾನು ಕೇಳಿದೆ. ನೀವೂ ಕೇಳುತ್ತೀರಿ. ಗ್ರೈಂಡರಿನ ಎಂಸಿಬಿ 16 ಆಂಪಿಯರಿನದು, ಅಂದರೆ 16 ಸಾವಿರ ಮಿಲಿ ಆಂಪಿಯರ್. ಮನುಷ್ಯನನ್ನು ಕೊಲ್ಲುವ 230 ಮಿಲಿ ಆಂಪಿಯರ್ ಅದರ ಎಪ್ಪತ್ತರಲ್ಲಿ ಒಂದು ಭಾಗ. ಎಂಸಿಬಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಎಂಸಿಬಿ ಇರುವುದು ವಯರು ಸುಡದಿರಲಿ ಎಂದು. ಮನುಷ್ಯನನ್ನು ಕಾಯುವುದು ಅದರ ಕೆಲಸವಲ್ಲ.

ಮನುಷ್ಯನನ್ನು ಕಾಯುವುದು ಎರಡು ವಸ್ತುಗಳು, ಒಂದು ಅರ್ಥಿಂಗ್, ಇನ್ನೊಂದು ಆರ್‌ಸಿಸಿಬಿ. ಹಳೆಯ ವಯರ್‌ಮನ್‌ಗಳು ಇದನ್ನೇ ಈಎಲ್‌ಸಿಬಿ ಎನ್ನುತ್ತಾರೆ. ನಮ್ಮ ಹೋಟೆಲಿನಲ್ಲಿ ಎರಡರ ಕಥೆಯೂ ಕೆಟ್ಟದಾಗಿತ್ತು.

ಅರ್ಥಿಂಗಿನದು ಮೊದಲು ಹೇಳುತ್ತೇನೆ. ಪ್ಲಗ್ಗಿನ ಹಸಿರು ವಯರು ಸೇರಿಸಿದರೆ ಮುಗಿಯಿತು ಎಂದು ನಾನು ಭಾವಿಸಿದ್ದೆ. ಕಂಟ್ರಾಕ್ಟರರು ಸಾಕೆಟ್ಟಿನ ಅರ್ಥ್ ವಯರನ್ನು ಹಿಡಿದು ಹಿಂದಕ್ಕೆ ಹೋದರು. ಅದು ಬೋರ್ಡಿಗೆ ಬಂದು, ಅಲ್ಲಿಂದ ಪಾತ್ರೆ ತೊಳೆಯುವ ಮೋರಿಯ ಬಳಿ ನೀರಿನ ಪೈಪಿಗೆ ಸುತ್ತಿತ್ತು. ಹಿಂದಿನ ಕಾಲದಲ್ಲಿ ಜಿ.ಐ. ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಹಾಗೆ ಮಾಡುವ ವಾಡಿಕೆ ಇತ್ತು. ಆದರೆ ಬಿಲ್ಡಿಂಗಿನ ರಿಪೇರಿ ಸಮಯದಲ್ಲಿ ಸೊಸೈಟಿಯವರು ಆ ಪೈಪಿನ ಬಹುಭಾಗ ತೆಗೆದು ಪ್ಲಾಸ್ಟಿಕ್ ಪೈಪು ಹಾಕಿಸಿದ್ದರು. ಪ್ಲಂಬರಿಗೆ ಕರೆಂಟಿನ ವಿಷಯ ಗೊತ್ತಿಲ್ಲ, ವಯರ್‌ಮನ್‌ನಿಗೆ ಪೈಪು ಬದಲಾದದ್ದು ಗೊತ್ತಿಲ್ಲ. ನಮ್ಮ ಅರ್ಥ್ ವಯರು ನೆಲಕ್ಕೆ ಹೋಗದೆ ಎರಡು ಅಡಿ ಕಬ್ಬಿಣದ ತುಂಡಿನಲ್ಲಿ ಕೊನೆಯಾಗಿತ್ತು.

ಹೀಗೆ ನೆಲ ಮುಟ್ಟದ ಅರ್ಥ್ ವಯರು, ಅರ್ಥ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಆ ಒಂದೇ ವಯರಿಗೆ ಫ್ರಿಜ್ಜು, ಮಿಕ್ಸರು, ಗೀಸರು, ಜ್ಯೂಸ್ ಮೆಶಿನ್ ಎಲ್ಲದರ ಮೈಯೂ ಜೋಡಣೆಯಾಗಿರುತ್ತದೆ. ಗ್ರೈಂಡರಿನ ಹಸಿರು ವಯರನ್ನು ಸುಮ್ಮನೆ ಸೇರಿಸಿದ್ದರೆ, ಗ್ರೈಂಡರಿನಲ್ಲಿ ಸೋರಿದ ಕರೆಂಟು ಆ ವಯರಿನ ಮೂಲಕ ಫ್ರಿಜ್ಜಿನ ಹಿಡಿಕೆಗೂ ಬರುತ್ತಿತ್ತು, ಕೊನೆಗೆ ಮೋರಿಯ ನಲ್ಲಿಗೂ ಬರುತ್ತಿತ್ತು. "ಎಲ್ಲಾ ಮೆಶಿನ್‌ಗಳಲ್ಲೂ ಸ್ವಲ್ಪ ಸ್ವಲ್ಪ ಶಾಕ್ ಬರುತ್ತದೆ" ಎಂದು ಯಾರಾದರೂ ಹೇಳಿದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಒಂದೇ ಮೆಶಿನ್ ಜುಂ ಎಂದರೆ ದೋಷ ಅದರಲ್ಲಿ ಅಥವಾ ಅದರ ಪ್ಲಗ್ಗಿನಲ್ಲಿ. ಎಲ್ಲವೂ ಜುಂ ಎಂದರೆ ಅರ್ಥ್ ಎಲ್ಲೋ ತುಂಡಾಗಿದೆ.

ಅರ್ಥ್ ಇದೆಯೇ ಎಂದು ನೋಡಲು ಕೆಲವರು ಸಾಕೆಟ್ಟಿನ ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚುತ್ತಾರೆ. ನಮ್ಮ ಹುಡುಗರಿಂದ ಇದನ್ನು ಮಾಡಿಸಬೇಡಿ. ಅರ್ಥ್ ತುಂಡಾಗಿದ್ದರೆ ಆ ಬಲ್ಬಿನ ಮೂಲಕ ಎಲ್ಲಾ ಮೆಶಿನ್‌ಗಳ ಮೈಗೂ ಕರೆಂಟು ಕೊಟ್ಟಂತೆ ಆಗುತ್ತದೆ. ಬಲ್ಬ್ ಉರಿದರೂ ಅರ್ಥ್ ಚೆನ್ನಾಗಿದೆ ಎಂದರ್ಥವಲ್ಲ, 50 ಓಮಿನ ಕಳಪೆ ಅರ್ಥಿನಲ್ಲೂ 100 ವಾಟಿನ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಅರ್ಥ್ ಟೆಸ್ಟರ್ ಇರುವವರಿಂದ ಅಳೆಸಿ, ಎಷ್ಟು ಓಮ್ ಬಂತೆಂದು ಬರೆಸಿಕೊಳ್ಳಿ.

ಒಳ್ಳೆಯ ಅರ್ಥ್ ಇದ್ದರೂ ಅದೊಂದೇ ಸಾಲದು. ನಿಮ್ಮ ಅರ್ಥ್ ಪಿಟ್ 5 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 1 ಓಮ್ ಎಂದಿಟ್ಟುಕೊಳ್ಳಿ. ಮೋಟಾರಿನ ಸುರುಳಿ ಮೈಗೆ ತಾಗಿದಾಗ 230ನ್ನು 6ರಿಂದ ಭಾಗಿಸಿ ಸುಮಾರು 38 ಆಂಪಿಯರ್ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿಗೆ ಇದು ತಕ್ಷಣ ಬೀಳುವಷ್ಟು ದೊಡ್ಡ ಪ್ರಮಾಣವಲ್ಲ, ಅದು ಬಿಸಿಯಾಗಿ ಬೀಳಲು ಕೆಲವು ಸೆಕೆಂಡಿನಿಂದ ಒಂದು ನಿಮಿಷದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಗ್ರೈಂಡರಿನ ಮೈಯಲ್ಲಿ ಅಪಾಯದ ವೋಲ್ಟೇಜು ಇದ್ದೇ ಇರುತ್ತದೆ. ಆದ್ದರಿಂದಲೇ ಆರ್‌ಸಿಸಿಬಿ ಬೇಕು.

ಅದರ ಕೆಲಸ ನಮ್ಮ ಗಲ್ಲಾದ ಲೆಕ್ಕದಂತೆಯೇ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ತಾಳೆ ನೋಡುತ್ತಿರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರಿದೆ ಎಂದರ್ಥ, ಸೋರಿದ್ದು ಅರ್ಥ್ ವಯರಿನಿಂದಲೋ ಮನುಷ್ಯನ ಮೈಯಿಂದಲೋ ಅದು ಕೇಳುವುದಿಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ 30 ಸೋರಿದಾಗ 0.3 ಸೆಕೆಂಡಿನೊಳಗೆ, 150 ಅಥವಾ ಅದಕ್ಕಿಂತ ಹೆಚ್ಚು ಸೋರಿದಾಗ 0.04 ಸೆಕೆಂಡಿನೊಳಗೆ ಬೀಳಬೇಕು. ಮೇಲೆ ಹೇಳಿದ 230 ಮಿಲಿ ಆಂಪಿಯರಿನ ಶಾಕ್ ಹೊಡೆದರೆ ನೋವಾಗುತ್ತದೆ, ಹುಡುಗ ಬೆಚ್ಚಿ ಬೀಳುತ್ತಾನೆ, ಆದರೆ ಬದುಕುವ ಅವಕಾಶ ಬಹಳ ಹೆಚ್ಚು.

ಇಲ್ಲಿ ನಮ್ಮವರು ಮೋಸಹೋಗುವ ಒಂದು ಜಾಗವಿದೆ. ನಮ್ಮ ಮೇನ್ ಬೋರ್ಡಿನಲ್ಲೂ ಈಎಲ್‌ಸಿಬಿ ಇತ್ತು. ಹತ್ತಿರ ಹೋಗಿ ಓದಿದಾಗ 300 ಮಿಲಿ ಆಂಪಿಯರ್ ಎಂದಿತ್ತು. ಅದು ಸೋರಿಕೆಯಿಂದ ಬೆಂಕಿ ಹತ್ತದಿರಲಿ ಎಂದು ಹಾಕುವುದು. 230ರ ಶಾಕಿಗೆ ಅದು ಬೀಳಬೇಕೆಂದಿಲ್ಲ. ಈ ವಾರ ಟಾರ್ಚ್ ಹಿಡಿದು ನಿಮ್ಮ ಬೋರ್ಡಿನ ಮೇಲೆ ಓದಿ ನೋಡಿ. 30 ಮಿಲಿ ಆಂಪಿಯರ್ ಅಥವಾ 0.03 ಆಂಪಿಯರ್ ಎಂದಿದ್ದರೆ ಮನುಷ್ಯರಿಗೆ, 100 ಅಥವಾ 300 ಎಂದಿದ್ದರೆ ಕಟ್ಟಡಕ್ಕೆ. ಕೊಳ್ಳುವಾಗ ಐಎಸ್ 12640 ಗುರುತು ಇರುವುದನ್ನೇ ಕೇಳಿ ಪಡೆಯಿರಿ. ಮೂರು ಫೇಸಿನ ದೊಡ್ಡ ಗ್ರೈಂಡರಿಗೆ ನಾಲ್ಕು ಪೋಲಿನದು ಬೇಕು. ಇದರ ಬೆಲೆ ನಮ್ಮ ಮಧ್ಯಮ ಹೋಟೆಲಿನ ಒಂದು ದಿನದ ಹಾಲಿನ ಬಿಲ್ಲಿಗಿಂತ ಕಡಿಮೆ.

"ಅದನ್ನು ಹಾಕಿದರೆ ಮಳೆಗಾಲದಲ್ಲಿ ದಿನಾ ಟ್ರಿಪ್ ಆಗುತ್ತದೆ, ಧಂದೆ ನಿಲ್ಲುತ್ತದೆ" ಎನ್ನುವ ದೂರು ಸುಳ್ಳಲ್ಲ. ಇಡೀ ಹೋಟೆಲಿಗೆ ಒಂದೇ 30 ಮಿಲಿ ಆಂಪಿಯರಿನದು ಹಾಕಿದರೆ ಹಾಗೆಯೇ ಆಗುತ್ತದೆ. ಪ್ರತಿಯೊಂದು ಮೆಶಿನ್ನೂ ಸ್ವಲ್ಪ ಸೋರುತ್ತದೆ, ಎಲ್ಲವೂ ಕೂಡಿ ಮಿತಿ ಮುಟ್ಟುತ್ತದೆ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಬಿದ್ದರೆ ಫ್ರಿಜ್ಜಿನ ಹಾಲು, ಬೆಣ್ಣೆ ಹಾಳು. ಎರಡು ಸಲ ಹೀಗಾದರೆ ಯಾರೋ ವಯರ್‌ಮನ್ ಅದನ್ನು ದಾಟಿಸಿ ನೇರ ವಯರು ಕೊಟ್ಟು ಹೋಗುತ್ತಾನೆ, ಪೆಟ್ಟಿಗೆ ಮಾತ್ರ ಬೋರ್ಡಿನಲ್ಲಿ ಅಲಂಕಾರಕ್ಕೆ ಉಳಿಯುತ್ತದೆ. ನಾವು ಗ್ರೈಂಡರು, ಮಿಕ್ಸರಿಗೆ ಒಂದು, ಫ್ರಿಜ್ಜುಗಳಿಗೆ ಬೇರೆ ಒಂದು, ಗೀಸರಿಗೂ ಮೋರಿಯ ಕಡೆಗೂ ಮತ್ತೊಂದು ಹೀಗೆ ಮೂರು ಹಾಕಿಸಿದೆವು. ಪ್ರತಿಯೊಂದರ ನ್ಯೂಟ್ರಲ್ಲೂ ಬೇರೆಬೇರೆಯಾಗಿರಬೇಕು. ಎರಡು ಲೈನಿನ ನ್ಯೂಟ್ರಲ್ ಒಂದರೊಳಗೊಂದು ಬೆರೆತರೆ ಯಾವ ದೋಷವೂ ಇಲ್ಲದೆ ಬೀಳುತ್ತಿರುತ್ತದೆ, ಹಳೆಯ ವಯರಿಂಗಿನಲ್ಲಿ ಬಹಳ ಸಲ ಇದೇ ಕಾರಣ.

ಬಿದ್ದಾಗ ಏನು ಮಾಡಬೇಕು? ಆ ಲೈನಿನ ಎಲ್ಲಾ ಪ್ಲಗ್ ಕೀಳಿರಿ, ಆರ್‌ಸಿಸಿಬಿ ಎತ್ತಿರಿ. ನಿಂತರೆ ವಯರಿಂಗ್ ಸರಿಯಿದೆ. ಕೈ ಒಣಗಿಸಿ, ಒಂದೊಂದೇ ಪ್ಲಗ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿ ಸ್ವಿಚ್ ಒತ್ತಿದಾಗ ಬೀಳುತ್ತದೋ ಅದೇ ಕಳ್ಳ. ಅದನ್ನು ಬದಿಗಿಟ್ಟು ಉಳಿದದ್ದರಲ್ಲಿ ಧಂದೆ ನಡೆಸಿ. ಒಂದೂ ಪ್ಲಗ್ ಇಲ್ಲದೆಯೂ ಎತ್ತಿದ ತಕ್ಷಣ ಬಿದ್ದರೆ ಒದ್ದೆ ಗೋಡೆಯೊಳಗಿನ ಪೈಪಿನಲ್ಲೋ ಸಾಕೆಟ್ಟಿನಲ್ಲೋ ನೀರಿದೆ, ಆಗ ವಯರ್‌ಮನ್ ಬೇಕು. ತಿಂಗಳಿಗೊಮ್ಮೆ ಅದರ ಮೇಲಿರುವ ಟೆಸ್ಟ್ ಗುಂಡಿ ಒತ್ತಿರಿ, ತಟ್ಟನೆ ಬೀಳಬೇಕು. ನಾನು ಪ್ರತಿ ತಿಂಗಳು ಸಂಬಳ ಕೊಡುವ ದಿನ ಒತ್ತುತ್ತೇನೆ, ಮರೆಯುವುದಿಲ್ಲ. ಆದರೆ ಆ ಗುಂಡಿ ಅರ್ಥಿಂಗ್ ಸರಿಯಿದೆ ಎಂದು ಹೇಳುವುದಿಲ್ಲ. ಇನ್ನೊಂದು ಮಿತಿಯೂ ಇದೆ. ಯಾರಾದರೂ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದದ್ದೆಲ್ಲಾ ವಾಪಸು ಬರುತ್ತದೆ. ಲೆಕ್ಕ ತಾಳೆಯಾಗುವುದರಿಂದ ಆರ್‌ಸಿಸಿಬಿ ಬೀಳುವುದಿಲ್ಲ.

ಇನ್ನು ಸಾಕೆಟ್ ಎಲ್ಲಿರಬೇಕು ಎಂಬ ವಿಷಯ. ನಮ್ಮ ಹಳೆಯ ಸಾಕೆಟ್ ಗ್ರೈಂಡರಿನ ಹಿಂದೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ ಇತ್ತು. ತೊಳೆಯುವ ನೀರು ಸಿಡಿಯುವುದು ಸರಿಯಾಗಿ ಅಲ್ಲಿಗೇ. ಅದನ್ನು ಮುಚ್ಚಿ, ಗ್ರೈಂಡರಿನ ಪಕ್ಕದ ಗೋಡೆಯಲ್ಲಿ ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಹೊಸದು ಹಾಕಿಸಿದೆವು. ಗೃಹಬಳಕೆಯ ಬಿಳಿ ಸಾಕೆಟ್ಟಿನ ಬದಲು ಮುಚ್ಚಳವಿರುವ ನೀಲಿ ಬಣ್ಣದ ಇಂಡಸ್ಟ್ರಿಯಲ್ ಪ್ಲಗ್, ಸಾಕೆಟ್ ಹಾಕಿದೆವು. ಪೆಟ್ಟಿಗೆಯ ಮೇಲೆ ಐಪಿ 44 ಎಂದಿದ್ದರೆ ಸಿಡಿಯುವ ನೀರನ್ನು ತಡೆಯುತ್ತದೆ. ಪೈಪಿನಿಂದ ನೀರು ಹೊಡೆಯುವ ಜಾಗಕ್ಕೆ ಐಪಿ 55 ಅಥವಾ ಅದಕ್ಕೂ ಮೇಲಿನದು ಬೇಕು. ಕೆಲವು ಮಾದರಿಗಳಲ್ಲಿ ಈ ರಕ್ಷಣೆ ಪ್ಲಗ್ ಇಲ್ಲದೆ ಮುಚ್ಚಳ ಹಾಕಿದಾಗ ಮಾತ್ರ, ಪ್ಲಗ್ ಒಳಗಿದ್ದಾಗಲೂ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ.

ವಯರು ಬರುವ ದಾರಿಯನ್ನೂ ನೋಡಬೇಕು. ಪೆಟ್ಟಿಗೆಯ ಮೇಲ್ಭಾಗದಿಂದ ವಯರು ಒಳಹೋದರೆ ಗೋಡೆಯಲ್ಲಿ ಇಳಿಯುವ ನೀರು, ಹಬೆ ತಣಿದು ಆದ ಹನಿ, ಎಲ್ಲವೂ ವಯರು ಹಿಡಿದು ಒಳಕ್ಕೆ ಹೋಗುತ್ತವೆ. ಕೆಳಗಿನಿಂದಲೇ ತರಬೇಕು. ಮೆಶಿನ್ನಿಗೆ ಹೋಗುವ ಕೇಬಲ್ ಸಾಕೆಟ್ಟಿಗಿಂತ ಕೆಳಕ್ಕೆ ಒಮ್ಮೆ ಬಾಗಿ ಮತ್ತೆ ಏರಿದರೆ ಹನಿಗಳು ಆ ಬಾಗಿನಲ್ಲೇ ಉದುರಿಹೋಗುತ್ತವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸ್ವಿಚ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಮೆಶಿನ್ನಿನ ಮೇಲಿನಿಂದ ಕೈ ಚಾಚದೆ, ಮೆಶಿನ್ ಮುಟ್ಟದೆ, ಪಕ್ಕದವನೊಬ್ಬ ಎರಡು ಹೆಜ್ಜೆಯಲ್ಲಿ ಆರಿಸುವಂತಿರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಸ್ವಿಚ್ಚೇ ಇರಲಿ. ಪಾತ್ರೆ ತೊಳೆಯುವ ಮೋರಿಯ ಗೋಡೆಗೆ ಸಾಕೆಟ್ಟೇ ಬೇಡ. ಸಿಂಕಿನ ಅಂಚಿನಿಂದ ಕನಿಷ್ಠ ಒಂದು ಮೀಟರ್ ಆಚೆ ಇಡಿ, ಮೇಲ್ಭಾಗದಲ್ಲಂತೂ ಬೇಡ. ಜಾಗ ಸಾಲದ ನಮ್ಮ ಅಡುಗೆಮನೆಗಳಲ್ಲಿ ಇದು ಕಷ್ಟವೆಂದು ಗೊತ್ತು. ಹಾಗೆಂದು ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆಯುವುದು ಪರಿಹಾರವಲ್ಲ. ಮೆಶಿನ್ನಿನ ಜಾಗವನ್ನೇ ಬದಲಾಯಿಸಿ.

ಹುಡುಗರ ಬಾತ್‌ರೂಮಿನ ಬಗ್ಗೆ ನಾವು ಯಾರೂ ಯೋಚಿಸುವುದೇ ಇಲ್ಲ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸ್ನಾನದ ಜಾಗದ ಮೇಲೆ 2.25 ಮೀಟರ್ ಎತ್ತರದವರೆಗೂ, ಅದರ ಅಂಚಿನಿಂದ 60 ಸೆಂಟಿಮೀಟರ್ ಆಚೆಯವರೆಗೂ ನೀರಿನ ವಲಯವೆಂದು ಲೆಕ್ಕ. ಆ ವಲಯದೊಳಗೆ ಮಾಮೂಲಿ ಸಾಕೆಟ್ ಇರಬಾರದು, ಅದರ ಆಚೆಗೂ ಸಾಕಷ್ಟು ದೂರ ಬಿಡಬೇಕು. ನಮ್ಮ ಸ್ಟಾಫ್ ಬಾತ್‌ರೂಮು ಇಡಿಯಾಗಿ ಅಷ್ಟೇ ಅಗಲ. ಆದ್ದರಿಂದ ಗೀಸರಿನ ಸ್ವಿಚ್ ಬಾಗಿಲಿನ ಹೊರಗಿರಲಿ, ಒಳಗೆ ಸಾಕೆಟ್ ಇರುವುದೇ ಬೇಡ. ಒಳಗೆ ಸಾಕೆಟ್ ಇದ್ದರೆ ಮೊಬೈಲ್ ಚಾರ್ಜರ್ ಅಲ್ಲಿಗೆ ಬರುತ್ತದೆ, ಚಳಿಗಾಲದಲ್ಲಿ ಬಕೆಟಿನ ನೀರು ಕಾಯಿಸುವ ರಾಡೂ ಬರುತ್ತದೆ. ಆ ರಾಡಿನ ಮೇಲಿನ ಕವಚ ಒಂದು ಕಡೆ ಸೀಳಿದರೂ ಬಕೆಟಿನ ನೀರೆಲ್ಲಾ ಕರೆಂಟು, ಬಿಸಿಯಾಯಿತೇ ಎಂದು ಬೆರಳು ಅದ್ದಿದವನ ಗತಿ ಹೇಳಬೇಕಿಲ್ಲ. ನಮ್ಮಲ್ಲಿ ಒಂದು ಗೀಸರ್ ಹಾಕಿಸಿ ರಾಡುಗಳನ್ನು ಗುಜರಿಗೆ ಕೊಟ್ಟೆವು. ಹುಡುಗರು ರೂಮಿನಲ್ಲಿ ಮತ್ತೊಂದು ತಂದಿಟ್ಟುಕೊಂಡಿದ್ದಾರೆಯೇ ಎಂದು ಆಗಾಗ ನೋಡಬೇಕಾಗುತ್ತದೆ.

ಯಾರಿಗಾದರೂ ಕರೆಂಟು ಹಿಡಿದರೆ ಏನು ಮಾಡಬೇಕೆಂಬುದನ್ನು ಅಡುಗೆಮನೆಯ ಪ್ರತಿಯೊಬ್ಬನಿಗೂ ಹೇಳಿಕೊಡಿ. ಅವನನ್ನು ಮುಟ್ಟದೆ ಮೊದಲು ಸ್ವಿಚ್ ಅಥವಾ ಮೇನ್ ಆರಿಸಬೇಕು. ಸ್ವಿಚ್ ಸಿಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ದೂಡಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಜೋರಾಗಿ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಾ, ಇನ್ನೊಬ್ಬರು 112ಕ್ಕೆ ಅಥವಾ 108ಕ್ಕೆ ಫೋನ್ ಮಾಡಬೇಕು. ಎದ್ದು ಕುಳಿತು "ಏನೂ ಆಗಿಲ್ಲ" ಎಂದರೂ ಕೈ ಅಂಟಿಕೊಂಡಿದ್ದವನನ್ನು ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಬೇಕು. ನಮ್ಮ ಹುಡುಗನಿಗೂ ಮಾಡಿಸಿದೆವು, ಸರಿಯಾಗಿಯೇ ಬಂತು.

ಆ ಗ್ರೈಂಡರಿನ ಮೋಟಾರನ್ನು ರಿವೈಂಡ್ ಮಾಡಿಸಿ, ಕೆಳಗೆ ನೀರು ಸಿಡಿಯದಂತೆ ಸ್ಟೀಲಿನ ತಗಡು ಹೊಡೆಸಿದ್ದೇವೆ. ತೊಳೆಯುವಾಗ ಪ್ಲಗ್ ಕಿತ್ತು, ಪೈಪಿನ ಬದಲು ಒದ್ದೆ ಬಟ್ಟೆಯಿಂದಲೇ ಕೆಳಭಾಗ ಒರೆಸುತ್ತಾರೆ. ಮಳೆಗಾಲ ಶುರುವಾಗುವ ಮೊದಲು ಜೂನ್ ಮೊದಲ ವಾರದಲ್ಲಿ ಮೆಗ್ಗರ್ ಹಚ್ಚಿಸಿ, ಬಂದ ಅಂಕಿಯನ್ನು ಗ್ರೈಂಡರಿನ ಕಾಲಿಗೆ ಪೇಂಟಿನಲ್ಲಿ ಬರೆಸುತ್ತೇವೆ. ಹೋದ ವರ್ಷದ ಅಂಕಿಗಿಂತ ಬಹಳ ಇಳಿದಿದ್ದರೆ, ಜುಂ ಎನ್ನುವ ಮೊದಲೇ ಮೋಟಾರು ಬಿಚ್ಚುತ್ತೇವೆ.